ನಿಮ್ಮನ್ನೇ ಯಾಕೆ ತೆಗೆದುಕೊಳ್ಳಬೇಕು? – ಬೆಳಗಾವಿ ಉದ್ಯಮಬಾಗದ ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಹುದ್ದೆಯ ಸಂದರ್ಶನದ ಉತ್ತರ

ಸರ್, ಮೇಡಂ, ಈಗಷ್ಟೇ ನೀವೇ ಹೇಳಿದ್ರಿ: ರಾತ್ರಿ ಪಾಳಿಯಲ್ಲಿ ರಿಜೆಕ್ಷನ್ ಜಾಸ್ತಿ, ಬೆಳಗ್ಗೆ ನೋಡುವಷ್ಟರಲ್ಲಿ ಇಡೀ ಲಾಟ್ ಹೋಗಿರುತ್ತದೆ ಅಂತ. ಅದನ್ನು ತಡೆಯೋದೇ ನನ್ನ ಕೆಲಸ. ರಾತ್ರಿ ಪಾಳಿಗೇ ಹಾಕಿ, ಸಂತೋಷದಿಂದ ಬರ್ತೀನಿ.

ಡಿಪ್ಲೊಮಾ ಮುಗಿಸಿ ಮೊದಲು ಫೌಂಡ್ರಿಯಲ್ಲಿದ್ದೆ, ಆಮೇಲೆ ಮಷೀನಿಂಗ್‌ಗೆ ಬಂದೆ. ಎರಡೂ ಕಡೆ ಕೆಲಸ ಮಾಡಿದ್ದರಿಂದ, ಸಿಲಿಂಡರ್ ಬೋರ್‌ನಲ್ಲಿ ದೋಷ ಕಂಡರೆ ಅದು ಎರಕದಲ್ಲೇ ಬಂದ ಗಾಳಿಗುಳ್ಳೆಯೋ, ಟೂಲ್ ಮಾಡಿದ ಗೀರೋ ಅಂತ ಗುರುತಿಸಬಲ್ಲೆ. ತಪ್ಪು ಯಾರದು ಅನ್ನೋ ಜಗಳದಲ್ಲಿ ಮಷೀನ್ ನಿಲ್ಲೋದಿಲ್ಲ.

40 ಮಿ.ಮೀ. ಬೋರ್‌ಗೆ 25 ಮೈಕ್ರಾನ್ ಟಾಲರೆನ್ಸ್ ಇದೆ ಅಂದುಕೊಳ್ಳಿ. ಇನ್ಸರ್ಟ್ ಸವೆದಂತೆಲ್ಲ ಬೋರ್ ಸಣ್ಣದಾಗುತ್ತ ಬರುತ್ತದೆ. ಮೊದಲ ಪೀಸ್ ಪಾಸಾಯ್ತು ಅಂತ ನಾನು ಕೂರೋದಿಲ್ಲ. ನಡುನಡುವೆ ಬೋರ್ ಗೇಜ್ ಹಾಕಿ ರೀಡಿಂಗ್ ಬರೆದಿಡ್ತೀನಿ, ಕೆಳಗಿನ ಮಿತಿ ಮುಟ್ಟೋ ಮೊದಲೇ ಆಫ್‌ಸೆಟ್ ಸರಿಮಾಡಿಸ್ತೀನಿ. ಆ ಶೀಟ್ ಬೆಳಗ್ಗೆ ನಿಮ್ಮ ಟೇಬಲ್ ಮೇಲಿರುತ್ತದೆ.

ಇನ್ನೊಂದು ಮಾತು. ನಿಮ್ಮ ಆಪರೇಟರ್‌ಗಳಲ್ಲಿ ಅರ್ಧ ಜನ ಮರಾಠಿ, ಉಳಿದವರು ಕನ್ನಡ, ಹಿಂದಿ ಮಾತಾಡ್ತಾರೆ. ನನಗೆ ಮೂರೂ ಬರುತ್ತವೆ. ‘ಮಷೀನ್ ನಿಲ್ಲಿಸಿ’ ಅಂತ ಅನುಭವಿ ಆಪರೇಟರ್‌ಗೆ ಹೇಳುವಾಗ ಅವರ ಭಾಷೆಯಲ್ಲಿ, ಗೌರವದಿಂದ ಹೇಳಿದರೆ ಕೇಳ್ತಾರೆ. ಇದನ್ನು ನಾನು ದಿನಾ ಮಾಡ್ತಿದ್ದೀನಿ.

ಮೊದಲ ತಿಂಗಳು ನಿಮಗೆ ಹೆಚ್ಚು ತೊಂದರೆ ಕೊಡುವ ಒಂದೇ ಪಾರ್ಟ್ ನನಗೆ ಒಪ್ಪಿಸಿ. ಅದರ ರಿಜೆಕ್ಷನ್ ನೋಡಿ ನನ್ನನ್ನು ಅಳೆಯಿರಿ. ಸೋಮವಾರವೇ ಸೇರಲು ತಯಾರಿದ್ದೀನಿ.