ಲೀಗಲ್ ನೋಟಿಸಿಗೆ ಉತ್ತರ

ಮಾಟುಂಗಾ, ಮುಂಬೈ
18 ಜೂನ್ 2025
ರಿಜಿಸ್ಟರ್ಡ್ ಪೋಸ್ಟ್ ಮೂಲಕ

ಮಾನ್ಯ ವಕೀಲರೇ,

ವಿಷಯ: 2 ಜೂನ್ 2025ರ ನೋಟಿಸ್, ₹1,84,600ರ ಬೇಡಿಕೆ

ನೋಟಿಸ್ 5ನೇ ತಾರೀಖು ಕೈಸೇರಿತು. ತಾವು ಕನ್ನಡದಲ್ಲೇ ಬರೆದಿದ್ದೀರಿ, ಹಾಗಾಗಿ ನಾನೂ ಕನ್ನಡದಲ್ಲೇ ಉತ್ತರಿಸುತ್ತಿದ್ದೇನೆ.

ತಮ್ಮ ಕಕ್ಷಿದಾರರು ನಮ್ಮ ಹೋಟೆಲಿಗೆ ಹಾಕಿದ ಮಾಲಿನ ಹನ್ನೊಂದು ಬಿಲ್ಲುಗಳ ಬಾಕಿಯನ್ನು ನಾನು ತೀರಿಸಬೇಕೆಂದು ನೋಟಿಸಿನಲ್ಲಿ ಕೇಳಿದ್ದೀರಿ. ಈ ಹಣ ನಾನು ಕೊಡಬೇಕಾದದ್ದಲ್ಲ. ತೆಂಗಿನಕಾಯಿ ಮತ್ತು ತರಕಾರಿಯ ಆ ಹನ್ನೊಂದು ಬಿಲ್ಲುಗಳೂ 2024ರ ಜನವರಿಯಿಂದ ಮಾರ್ಚ್‌ವರೆಗಿನವು. ಹೋಟೆಲನ್ನು ನಾನು ನಡೆಸಲು ವಹಿಸಿಕೊಂಡದ್ದು 1 ಏಪ್ರಿಲ್ 2024ರಿಂದ. ನೋಂದಾಯಿತ ಕರಾರುಪತ್ರದ ನಕಲು ಲಗತ್ತಿಸಿದ್ದೇನೆ. ತಾವು ಕಳಿಸಿದ ಚಲನ್‌ಗಳನ್ನು ಒಮ್ಮೆ ನೋಡಿ: ಎಲ್ಲದರ ಮೇಲೂ ಹಿಂದೆ ನಡೆಸುತ್ತಿದ್ದವರ ದುಂಡನೆಯ ನೀಲಿ ಮೊಹರು, ಅವರದೇ ಸಹಿ. ನನ್ನ ಸಹಿ ಒಂದರಲ್ಲೂ ಇಲ್ಲ.

ಹಳೇ ಬಾಕಿ ತೀರಿಸುತ್ತೇನೆಂದು ನಾನು ಬರೆದುಕೊಟ್ಟಿಲ್ಲ, ಬಾಯಿಮಾತಿನಲ್ಲೂ ಒಪ್ಪಿಲ್ಲ. ಹೋಟೆಲಿನ ಬೋರ್ಡು ಅದೇ ಇದೆ ಅಂದ ಮಾತ್ರಕ್ಕೆ ಸಾಲವೂ ನನ್ನದಾಗುವುದಿಲ್ಲ, ಅಲ್ವಾ?

ನಾನು ಬಂದ ಮೇಲೆ ತಮ್ಮ ಕಕ್ಷಿದಾರರಿಂದ ಕೊಂಡ ಮಾಲಿಗೆಲ್ಲ ಹಣ ಬ್ಯಾಂಕಿನಿಂದಲೇ ಹೋಗಿದೆ. ಸ್ಟೇಟ್‌ಮೆಂಟ್ ಜೊತೆಗಿದೆ. ಆದ್ದರಿಂದ ಅಸಲು, 18% ಬಡ್ಡಿ, ನೋಟಿಸ್ ಖರ್ಚು ₹5,000, ಮೂರನ್ನೂ ನಿರಾಕರಿಸುತ್ತೇನೆ. ಇಲ್ಲಿ ಬಿಡಿಯಾಗಿ ಉತ್ತರಿಸದ ಆರೋಪಗಳನ್ನು ಒಪ್ಪಿದ್ದೇನೆಂದು ತಿಳಿಯಬಾರದು.

ತಮ್ಮ ಕಕ್ಷಿದಾರರ ಮೇಲೆ ನನಗೆ ಬೇಸರವಿಲ್ಲ. ಈಗಲೂ ಬೆಳಿಗ್ಗೆ ಆರಕ್ಕೆ ಅವರ ಟೆಂಪೋ ನಮ್ಮ ಹಿಂಬಾಗಿಲಿಗೇ ಬರುತ್ತದೆ. ನನ್ನ ಸಹಿಯ ಚಲನ್ ಏನಾದರೂ ಇದ್ದರೆ 15 ದಿನದೊಳಗೆ ತೋರಿಸಲಿ, ಕೂತು ಲೆಕ್ಕ ನೋಡೋಣ. ಇಲ್ಲವಾದರೆ ನೋಟಿಸ್ ಹಿಂಪಡೆಯಲು ದಯವಿಟ್ಟು ತಿಳಿಸಿ. ದಾವೆ ಹೂಡಿದರೆ ಇದೇ ದಾಖಲೆಗಳೊಂದಿಗೆ ಎದುರಿಸುತ್ತೇನೆ, ಅದರ ಖರ್ಚನ್ನೂ ಕೇಳುತ್ತೇನೆ. ನನ್ನ ಎಲ್ಲ ಹಕ್ಕುಗಳನ್ನು ಕಾಯ್ದಿರಿಸಿಕೊಂಡಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಹೋಟೆಲ್ ನಡೆಸುವವರು

ಲಗತ್ತು: ಕರಾರುಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್