ಅಕೌಂಟ್ಸ್ ಕೆಲಸದ ವಿಷಯ: ನಿಮಗೊಂದು ಧನ್ಯವಾದ

ಸವಿತಾ ಮೇಡಂ, ನಮಸ್ಕಾರ.

ನಿನ್ನೆ ಫೋನಿನಲ್ಲಿ ಸರಿಯಾಗಿ ಮಾತಾಡಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಶಿರಸಿಯ ಕೆಲಸ ಸಿಗಲಿಲ್ಲ ಅಂತ ಬೇಜಾರಾಗಿದ್ದು ನಿಜ. ಆದರೆ ನೀವೇ ಫೋನ್ ಮಾಡಿ, ಯಾಕೆ ಆಗಲಿಲ್ಲ ಅಂತ ಬಿಡಿಸಿ ಹೇಳಿದಿರಲ್ಲ, ಅದಕ್ಕೆ ತುಂಬಾ ಥ್ಯಾಂಕ್ಸ್. ಎಷ್ಟೋ ಕಡೆ ಇಂಟರ್‌ವ್ಯೂ ಆದಮೇಲೆ ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ, ಸುಮ್ನೆ ಕಾಯುತ್ತಾ ಕೂರಬೇಕು.

ದೇವಿಮನೆ ಘಾಟಿನಲ್ಲಿ ಮಣ್ಣು ಕುಸಿದು ಬಸ್ ನಿಂತಾಗಲೂ ನಾನು ಕೇಳುವ ಮೊದಲೇ ನಿಮ್ಮ ಮೆಸೇಜ್ ಬಂದಿತ್ತು: "ಸುತ್ತು ಹಾಕಿ ಬರಬೇಡಿ, ರಸ್ತೆ ಬಿಟ್ಟ ಮೇಲೆ ಬಂದರೆ ಸಾಕು." ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಬಾಯಿಮಾತಿನ ಪ್ರಶ್ನೆ ಕಡಿಮೆ, ಟ್ಯಾಲಿಯಲ್ಲಿ ಎಂಟ್ರಿ ಮಾಡಿಸುತ್ತಾರೆ ಅಂತಲೂ ಮೊದಲೇ ಹೇಳಿದ್ದಿರಿ. ಹಾಗೇ ಆಯಿತು. ಮ್ಯಾನೇಜರ್ ಸರ್ ರಾಶಿ, ಚಾಲಿ ಎರಡೂ ಬಗೆಯ ಅಡಿಕೆ ಇದ್ದ ಒಂದು ಖರೀದಿ ಬಿಲ್ ಮುಂದಿಟ್ಟು, ಚೀಲದ ತೂಕ ಕಳೆದು ಸ್ಟಾಕಿಗೆ ಬೇರೆ ಬೇರೆ ತೋರಿಸಿ ಅಂದರು. ತಯಾರಾಗಿ ಬಂದಿದ್ದರಿಂದ ಕೈ ನಡುಗಲಿಲ್ಲ. ಆ ಬಿಲ್ ಎಂಟ್ರಿ ಮಾಡುವಾಗಲೇ ಈ ಕೆಲಸ ನನಗೆ ಇಷ್ಟ ಅಂತ ಗಟ್ಟಿಯಾಯಿತು.

ಹೊರರಾಜ್ಯಕ್ಕೆ ಹೋಗುವ ಲೋಡಿನ ಇ-ವೇ ಬಿಲ್, ಜಿಎಸ್‌ಟಿ ರಿಟರ್ನ್ ಎರಡನ್ನೂ ಒಬ್ಬರೇ ನಿಭಾಯಿಸಿದವರು ಬೇಕಿತ್ತು ಅಂದಿರಿ. ಅದು ಸರಿಯಾದ ಮಾತೇ. ಕುಮಟಾದಲ್ಲಿ ಪರಿಚಯದವರೊಬ್ಬರು ಟ್ಯಾಕ್ಸ್ ಕೆಲಸ ಮಾಡುತ್ತಾರೆ, ಅವರಲ್ಲಿ ಬರುವ ತಿಂಗಳಿಂದ ಹೋಗುತ್ತಿದ್ದೇನೆ. 11ರೊಳಗೆ ಜಿಎಸ್‌ಟಿಆರ್-1, 20ರೊಳಗೆ 3ಬಿ ಹಾಕುವ ಗಡಿಬಿಡಿಯಲ್ಲೇ ಬಾ, ಆಗಲೇ ಕಲಿಯೋದು ಜಾಸ್ತಿ ಅಂದಿದ್ದಾರೆ.

ಮುಂದೆ ಅಕೌಂಟ್ಸ್ ಅಥವಾ ಬಿಲ್ಲಿಂಗ್ ಕಡೆ ಏನಾದರೂ ಖಾಲಿಯಾದರೆ ನನ್ನನ್ನು ನೆನಪಿಟ್ಟುಕೊಳ್ಳಿ ಮೇಡಂ. ಶಿರಸಿಯಾದರೆ ಚಿಕ್ಕಮ್ಮನ ಮನೆ ಇದೆ, ಕಾರವಾರವಾದರೆ ಕುಮಟಾದಿಂದಲೇ ಓಡಾಡುತ್ತೇನೆ. ಆಗಾಗ ಫೋನ್ ಮಾಡಿ ತೊಂದರೆ ಕೊಡುವುದಿಲ್ಲ. ಹೊಸ ಅಡಿಕೆ ಬಂದು ನಿಮ್ಮಲ್ಲಿ ಕೆಲಸ ಹೆಚ್ಚುವ ಹೊತ್ತಿಗೆ, ಅಷ್ಟರಲ್ಲಿ ಏನೇನು ಕಲಿತೆ ಅಂತ ಬರೆದು ಹೊಸ ಬಯೋಡೇಟಾ ಕಳಿಸುತ್ತೇನೆ.

ಇನ್ನೊಂದು ವಿಷಯ. ಗೋಡೌನ್ ನೋಡಿಕೊಳ್ಳಲು ಜನ ಸಿಗುತ್ತಿಲ್ಲ ಅಂದಿದ್ದಿರಿ ಅಲ್ವಾ? ನನ್ನ ಕ್ಲಾಸ್‌ಮೇಟ್ ಒಬ್ಬ ಅಂಕೋಲಾದವನು, ಈಗ ಅಂಥದ್ದೇ ಕೆಲಸದಲ್ಲಿದ್ದಾನೆ, ಶಿರಸಿಗೆ ಬರಲು ತಯಾರಿದ್ದಾನೆ. ನೀವು ಹೂಂ ಅಂದರೆ ಅವನ ನಂಬರ್ ಕಳಿಸುತ್ತೇನೆ. ಇಲ್ಲದಿದ್ದರೆ ಈ ಮೇಲ್‌ಗೆ ಉತ್ತರ ಬರೆಯಲೇಬೇಕು ಅಂತೇನಿಲ್ಲ.

ಮ್ಯಾನೇಜರ್ ಸರ್‌ಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ,
ದೀಪಾ, ಕುಮಟಾ