ಹೂಡಿಕೆಗೆ ನಾನೇ ಹಾಕಿಕೊಂಡ ನಿಯಮಗಳು

ಹಾಸನ, 6 ಏಪ್ರಿಲ್ 2025, ರಾಮನವಮಿ

2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ ಸುಮಾರು 13% ಬಿತ್ತು. ಕಾಲೇಜಿನ ಆಫೀಸಿನಲ್ಲಿ ಕೂತು, ಕೈ ನಡುಗುತ್ತಾ, ಇಂಡೆಕ್ಸ್ ಫಂಡ್ ಪೂರ್ತಿ ಮಾರಿದೆ. ಹಾಕಿದ್ದು 2,10,000, ಬಂದದ್ದು 1,47,000. ಅದೇ ನವೆಂಬರಿನಲ್ಲಿ ನಿಫ್ಟಿ ಜನವರಿಯ ಎತ್ತರವನ್ನೂ ದಾಟಿತು. ಆ 63,000 ನನ್ನ ಎರಡು ತಿಂಗಳ ಸಂಬಳಕ್ಕಿಂತ ಜಾಸ್ತಿ. ಹಾಗೆ ಮತ್ತೆ ಆಗಬಾರದು ಅಂತ ಈ ಹಾಳೆ.

1. ಆರು ತಿಂಗಳ ಮನೆಖರ್ಚು, 1,50,000, ಬ್ಯಾಂಕಿನ ಎಫ್‌ಡಿಯಲ್ಲೇ ಇರಬೇಕು. 2027ರ ಮಗನ ಕಾಲೇಜು ಫೀಸಿನ ಹಣವೂ ಅಲ್ಲೇ. ಎರಡನ್ನೂ ಷೇರಿಗೆ ಹಾಕುವುದಿಲ್ಲ.

2. ಪ್ರತಿ ತಿಂಗಳು 5ನೇ ತಾರೀಕು ಇಂಡೆಕ್ಸ್ ಫಂಡಿಗೆ 4,000, ಪಿಪಿಎಫ್‌ಗೆ 2,000. ಮಾರುಕಟ್ಟೆ ಏರಿರಲಿ, ಇಳಿದಿರಲಿ, ಎಸ್‌ಐಪಿ ನಿಲ್ಲಿಸುವುದಿಲ್ಲ.

3. ಆಪ್ ನೋಡುವುದು ತಿಂಗಳ ಮೊದಲ ಭಾನುವಾರ ಮಾತ್ರ. ಅವತ್ತು ಮಾರುಕಟ್ಟೆಗೆ ರಜಾ. ಗಾಬರಿಯಾದರೂ ಸುಮ್ನೆ ಕೂತು ಯೋಚಿಸಲು ಒಂದು ರಾತ್ರಿ ಸಿಗುತ್ತದೆ.

4. ಹೊಸದೇನಾದರೂ ಕೊಳ್ಳಬೇಕು ಅನ್ನಿಸಿದರೆ ಏಕೆ ಅಂತ ಮೂರು ಸಾಲು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಏಳು ದಿನ ಬಿಟ್ಟು ಸವಿತಾಗೆ ಓದಿ ಹೇಳಬೇಕು. ಅವಳಿಗೆ ಅರ್ಥವಾಗದಿದ್ದರೆ ನನಗೂ ಅರ್ಥವಾಗಿಲ್ಲ ಎಂದೇ ಲೆಕ್ಕ, ಕೊಳ್ಳುವುದಿಲ್ಲ. ಬಿಡಿ ಷೇರುಗಳೆಲ್ಲ ಸೇರಿ 40,000 ದಾಟಬಾರದು. ಬಿದ್ದ ಷೇರಿಗೆ "ಅಗ್ಗವಾಯಿತು" ಅಂತ ಮತ್ತೆ ಹಣ ಸುರಿಯಬಾರದು.

5. ವಾಟ್ಸಾಪ್, ಟೆಲಿಗ್ರಾಂ ಟಿಪ್ಸ್ ಬೇಡ. ಆಫೀಸಿನವರು ಲಾಭದ ಮಾತಾಡಿದರೆ ಖುಷಿಪಟ್ಟು ಎದ್ದು ಬರುವುದು. ನಷ್ಟವಾದಾಗ ಯಾರೂ ಹೇಳಿಕೊಳ್ಳುವುದಿಲ್ಲ, ನಾನೂ ಹೇಳಿರಲಿಲ್ಲ ಅಲ್ವಾ.

6. ಎಫ್‌ ಆ್ಯಂಡ್ ಓ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವ ವ್ಯವಹಾರ, ಎಂದಿಗೂ ಇಲ್ಲ. ಅದರಲ್ಲಿ 10 ಜನರಲ್ಲಿ 9 ಜನಕ್ಕಿಂತ ಹೆಚ್ಚು ಕಳೆದುಕೊಂಡಿದ್ದಾರೆ ಅಂತ ಸೆಬಿಯೇ ಲೆಕ್ಕ ಕೊಟ್ಟಿದೆ.

7. ಮಾರಲು ಮೂರೇ ಕಾರಣ: ಮನೆಗೆ ನಿಜವಾಗಿ ಹಣ ಬೇಕಾಗಿ ಎಫ್‌ಡಿ ಸಾಲದಿರುವುದು, ಹಣ ಬೇಕಾದ ದಿನಕ್ಕೆ ಮೂರು ವರ್ಷವಷ್ಟೇ ಉಳಿದಿರುವುದು, ಕೊಳ್ಳುವಾಗ ಬರೆದ ಕಾರಣ ಸುಳ್ಳಾಗಿರುವುದು. ಬೆಲೆ ಇಳಿದದ್ದು ಕಾರಣವಲ್ಲ. ಟಿವಿಯವರ ಕೂಗಾಟವೂ ಅಲ್ಲ. ವರ್ಷದೊಳಗೆ ಲಾಭಕ್ಕೆ ಮಾರಿದರೆ 20% ತೆರಿಗೆ ಹೋಗುತ್ತದೆ, ಅದನ್ನೂ ನೆನಪಿಡಬೇಕು.

8. ಮಾರುಕಟ್ಟೆ 10% ಬಿದ್ದರೆ ಏನೂ ಮಾಡುವುದಿಲ್ಲ. 20% ಬಿದ್ದರೆ ಈ ಹಾಳೆಯ ಮೊದಲ ಪ್ಯಾರಾ ಗಟ್ಟಿಯಾಗಿ ಓದಿ, ಫೋನನ್ನು ಸವಿತಾ ಕೈಗೆ ಕೊಡುತ್ತೇನೆ.

9. ಏರಿದಾಗಲೂ ಎಚ್ಚರ ಬೇಕು. ಪ್ರತಿ ಏಪ್ರಿಲ್‌ನಲ್ಲಿ ಲೆಕ್ಕ ಹಾಕಿ, ಒಟ್ಟು ಉಳಿತಾಯದಲ್ಲಿ ಷೇರಿನ ಪಾಲು 60% ದಾಟಿದ್ದರೆ ಆ ವರ್ಷದ ಹೆಚ್ಚುವರಿ ಉಳಿತಾಯವೆಲ್ಲ ಪಿಪಿಎಫ್‌ಗೆ.

10. ಈ ನಿಯಮ ಬದಲಿಸುವುದು ಏಪ್ರಿಲ್ ತಿಂಗಳ ಭಾನುವಾರದಂದು ಮಾತ್ರ, ಇಬ್ಬರೂ ಸಹಿ ಹಾಕಿ. ಮೂಲ ಪ್ರತಿ ಬೀರುವಿನ ಬಾಗಿಲ ಒಳಗೆ ಅಂಟಿಸಿದೆ. ನಕಲು ಆಫೀಸಿನ ಡ್ರಾಯರಿನಲ್ಲಿದೆ.

ಸಹಿ: ಮಂಜುನಾಥ, ವಯಸ್ಸು 48
ಓದಿ ಒಪ್ಪಿದ್ದೇನೆ: ಸವಿತಾ